ಸರಿಯುತ್ತಿರುವ ಪಟ್ಟಿಗೆ ಯಾವ ಪುಟ: ಆಫ್‌ಸೆಟ್ಟೋ, ಕರ್ಸರೋ?

ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಮುಧೋಳ, ಜಮಖಂಡಿ ಭಾಗದ ಕಾರ್ಖಾನೆಗಳ ಕಾಟಾ ಹಗಲು ರಾತ್ರಿ ನಿಲ್ಲುವುದಿಲ್ಲ. ಕಬ್ಬು ತುಂಬಿದ ಗಾಡಿ ಕಾಟಾದ ಮೇಲೆ ಬಂದು ನಿಂತಾಗ ಒಟ್ಟು ತೂಕ, ಕಬ್ಬು ಇಳಿಸಿ ಮರಳಿದಾಗ ಖಾಲಿ ಗಾಡಿಯ ತೂಕ, ಎರಡರ ನಡುವಿನ ವ್ಯತ್ಯಾಸವೇ ರೈತನ ಚೀಟಿಯಲ್ಲಿ ಬರುವ ನಿವ್ವಳ ತೂಕ. ಈ ಚೀಟಿಗಳ ಪಟ್ಟಿಯನ್ನು ಎಪಿಐ ಮೂಲಕ ಹೊರಗೆ ಕೊಡುವ ಕೆಲಸ ಕೆಲವು ಹಂಗಾಮುಗಳ ಕಾಲ ನನ್ನದಾಗಿತ್ತು. ಪಟ್ಟಿಯನ್ನು ಓದುವವರು ಇಬ್ಬರು: ಮೊಬೈಲಿನಲ್ಲಿ ತನ್ನ ಗಾಡಿಯ ಚೀಟಿ ನೋಡುವ ರೈತ ಒಬ್ಬ, ಚೀಟಿಗಳನ್ನೆಲ್ಲ ಎಳೆದುಕೊಂಡು ಬಿಲ್ಲು ಮಾಡುವ ಪ್ರೋಗ್ರಾಂ ಇನ್ನೊಂದು. ಉದ್ದದ ಪಟ್ಟಿಯನ್ನು ತುಂಡು ತುಂಡಾಗಿ ಕೊಡುವ, ಅಂದರೆ ಪುಟ ಮಾಡುವ, ಎರಡು ಪದ್ಧತಿಗಳಲ್ಲಿ ಯಾವುದನ್ನು ಎಲ್ಲಿ ಇಡಬೇಕು ಎಂಬುದನ್ನು ಈ ಒಂದೇ ಪಟ್ಟಿಯನ್ನು ಇಟ್ಟುಕೊಂಡು ನೋಡೋಣ, ಏಕೆಂದರೆ ಪಟ್ಟಿಯು ನಿಂತಲ್ಲೇ ನಿಂತಿದ್ದರೆ ಎರಡೂ ಪದ್ಧತಿಗಳು ಒಂದೇ ಉತ್ತರವನ್ನು ಕೊಡುತ್ತವೆ. ಅವುಗಳ ಗುಣ ಬೇರೆ ಬೇರೆಯಾಗಿ ಕಾಣುವುದು ಓದುತ್ತಿರುವಾಗಲೇ ಪಟ್ಟಿ ಬದಲಾಗುತ್ತಿದ್ದರೆ ಮಾತ್ರ.

ಎಣಿಸಿ ಬಿಡುವುದು ಮತ್ತು ಗುರುತಿಟ್ಟು ಮುಂದುವರಿಯುವುದು

ಆಫ್‌ಸೆಟ್ ಎಂದರೆ ಎಣಿಕೆ. ಪಟ್ಟಿಯ ತಲೆಯಿಂದ ಇಷ್ಟು ಸಾಲುಗಳನ್ನು ಬಿಟ್ಟು ಮುಂದಿನ ಇಷ್ಟನ್ನು ಕೊಡು ಎಂದು ಕೇಳುವುದು. ಪುಟಕ್ಕೆ 5 ಚೀಟಿಯಂತೆ ಎರಡನೆಯ ಪುಟ ಬೇಕಾದರೆ ಕ್ವೆರಿ ಹೀಗಿರುತ್ತದೆ:

```sql
SELECT id, weighed_at, gross_kg
FROM weigh_slips
WHERE status = 'valid'
ORDER BY weighed_at DESC, id DESC
LIMIT 5 OFFSET 5;
```

ಕರ್ಸರ್ ಪದ್ಧತಿಯಲ್ಲಿ ಎಣಿಕೆ ಇಲ್ಲ. ಹಿಂದಿನ ಪುಟದ ಕೊನೆಯ ಸಾಲಿನ ಬೆಲೆಗಳನ್ನೇ, ಅಂದರೆ ಅದರ ಸಮಯ ಮತ್ತು ಸಂಖ್ಯೆಯನ್ನೇ, ಗುರುತಾಗಿ ಇಟ್ಟುಕೊಂಡು, ಆ ಗುರುತಿನ ಆಚೆಗಿನದನ್ನು ಕೊಡು ಎಂದು ಕೇಳುವುದು:

```sql
SELECT id, weighed_at, gross_kg
FROM weigh_slips
WHERE status = 'valid'
  AND (weighed_at, id) < (:t, :id)
ORDER BY weighed_at DESC, id DESC
LIMIT 6;
```

ಇಲ್ಲಿ 5ರ ಬದಲು 6 ಕೇಳಿದ್ದು ಮುಂದೆ ಇನ್ನೂ ಇದೆಯೋ ಇಲ್ಲವೋ ಎಂದು ತಿಳಿಯಲು. ಆರನೆಯ ಸಾಲು ಬಂದರೆ ಇದೆ. ಅದನ್ನು ಕಳಿಸದೆ ಬಿಟ್ಟು, ಐದನೆಯ ಸಾಲಿನ ಬೆಲೆಗಳಿಂದ ಮುಂದಿನ ಕರ್ಸರ್ ಮಾಡಿ ಕೊಡುತ್ತೇವೆ. ಒಟ್ಟು ಎಷ್ಟು ಸಾಲುಗಳಿವೆ ಎಂದು ಪ್ರತಿ ಸಲ `COUNT(*)` ಮಾಡುವ ಖರ್ಚು ಇದರಿಂದ ತಪ್ಪುತ್ತದೆ.

ಓದುವ ನಡುವೆ ಗಾಡಿ ಬಂದರೆ, ಚೀಟಿ ರದ್ದಾದರೆ

ಹೊಸ ಚೀಟಿ ಮೇಲೆ ಬರುವ ಪಟ್ಟಿಯನ್ನು ಒಬ್ಬ ರೈತ ತೆರೆದನೆನ್ನಿ. ಮೊದಲ ಪುಟದಲ್ಲಿ ಅವನಿಗೆ 112, 111, 110, 109, 108 ಈ ಐದು ಚೀಟಿಗಳು ಕಂಡವು. ಅವನು ಓದಿ ಕೆಳಗೆ ಸರಿಸುವಷ್ಟರಲ್ಲಿ ಕಾಟಾದ ಮೇಲೆ ಎರಡು ಗಾಡಿ ಬಂದು 113 ಮತ್ತು 114 ಸೇರಿದವು. ಈಗ ಆಫ್‌ಸೆಟ್ 5 ಎಂದು ಕೇಳಿದರೆ ಡೇಟಾಬೇಸು ಹೊಸ ತಲೆಯಿಂದ ಎಣಿಸುತ್ತದೆ: 114, 113, 112, 111, 110 ಇವನ್ನು ಬಿಟ್ಟು 109, 108, 107, 106, 105 ಕೊಡುತ್ತದೆ. 109 ಮತ್ತು 108 ಎರಡನೆಯ ಸಲ ಬಂದವು. ಇದು ಕಣ್ಣಿಗೆ ಬೀಳುವ ತಪ್ಪು. ಯಾರಾದರೂ ದೂರು ಹೇಳುತ್ತಾರೆ, ಮೊಬೈಲ್ ಆ್ಯಪ್ ಬರೆದವರು ಚೀಟಿಯ ಸಂಖ್ಯೆ ನೋಡಿ ಎರಡನೆಯದನ್ನು ತೆಗೆದುಹಾಕುತ್ತಾರೆ, ಅಲ್ಲಿಗೆ ವಿಷಯ ಮುಗಿಯಿತೆಂದು ಎಲ್ಲರೂ ತಿಳಿಯುತ್ತಾರೆ.

ಇದರ ತಿರುವು ಇನ್ನೊಂದು ಬದಿಯಲ್ಲಿದೆ. ಮೊದಲ ಪುಟ ಅದೇ, 112ರಿಂದ 108. ಈ ಸಲ ಹೊಸ ಗಾಡಿ ಬರಲಿಲ್ಲ. ಬದಲಿಗೆ 110ನೆಯ ಚೀಟಿಯಲ್ಲಿ ಗಾಡಿಯ ನಂಬರ್ ತಪ್ಪಾಗಿದೆ ಎಂದು ಕಾಟಾದವರು ಅದನ್ನು ರದ್ದು ಮಾಡಿದರು. ಪಟ್ಟಿ ಈಗ 112, 111, 109, 108, 107, ಆಮೇಲೆ 106. ಐದನ್ನು ಬಿಟ್ಟು ಕೊಡು ಎಂದರೆ 106ರಿಂದ ಶುರುವಾಗುತ್ತದೆ. 107 ಮೊದಲ ಪುಟದಲ್ಲಿ ಇರಲಿಲ್ಲ, ಎರಡನೆಯದರಲ್ಲೂ ಇಲ್ಲ. ಯಾವ ದೋಷಸೂಚನೆಯೂ ಬರುವುದಿಲ್ಲ, ಪುಟಗಳು ತುಂಬಿಯೇ ಬರುತ್ತವೆ, ಲಾಗ್‌ನಲ್ಲಿ ಎಲ್ಲವೂ 200. ಇಮ್ಮಡಿ ಬಂದ ಸಾಲನ್ನು ಸಂಖ್ಯೆ ನೋಡಿ ತೆಗೆಯಬಹುದು, ಬಾರದೇ ಹೋದ ಸಾಲನ್ನು ಯಾವ ಸಂಖ್ಯೆ ನೋಡಿ ಸೇರಿಸುವುದು? ಎರಡು ಪದ್ಧತಿಗಳ ನಡುವೆ ಆರಿಸುವಾಗ ನಾನು ಮೊದಲು ತೂಗುವುದು ಈ ಬಿಟ್ಟುಹೋಗುವ ಸಾಲನ್ನೇ.

ಇಲ್ಲಿ ಇನ್ನೊಂದು ಮಾತನ್ನು ಗಮನಿಸಬೇಕು. 110ನೆಯ ಚೀಟಿಯನ್ನು ಡೇಟಾಬೇಸಿನಿಂದ ಯಾರೂ ಅಳಿಸಲಿಲ್ಲ; ಅದರ `status` ಬದಲಾಯಿತು ಅಷ್ಟೆ. ಆದರೆ ಕ್ವೆರಿಯ ಷರತ್ತಿನಿಂದ ಅದು ಹೊರಗೆ ಬಿದ್ದದ್ದರಿಂದ ಪಟ್ಟಿಯ ಮಟ್ಟಿಗೆ ಅಳಿಸಿದಂತೆಯೇ. ನಮ್ಮಲ್ಲಿ ಏನನ್ನೂ ಡಿಲೀಟ್ ಮಾಡುವುದಿಲ್ಲ, ಆದ್ದರಿಂದ ನಮಗೆ ಈ ತೊಂದರೆ ಇಲ್ಲ ಎನ್ನುವವರು ತಮ್ಮ `WHERE` ಸಾಲನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಇದೇ ಎರಡು ಬದಲಾವಣೆಗಳನ್ನು ಕರ್ಸರ್ ಹೇಗೆ ತೆಗೆದುಕೊಳ್ಳುತ್ತದೆ? ಗುರುತು 108ನೆಯ ಚೀಟಿಯ ಸಮಯ ಮತ್ತು ಸಂಖ್ಯೆಯ ಮೇಲಿದೆ. ಮೇಲೆ 113, 114 ಸೇರಿದರೂ 108ಕ್ಕಿಂತ ಕೆಳಗಿನದು 107ರಿಂದಲೇ ಶುರುವಾಗುತ್ತದೆ. 110 ರದ್ದಾದರೂ ಅಷ್ಟೆ. ಸ್ವತಃ 108 ರದ್ದಾದರೂ ಏನೂ ಕೆಡುವುದಿಲ್ಲ, ಏಕೆಂದರೆ ಕರ್ಸರ್‌ನಲ್ಲಿರುವುದು ಬೆಲೆಗಳು. ಆ ಸಾಲು ಈಗಲೂ ಇರಬೇಕೆಂದೇನೂ ಇಲ್ಲ. ಕರ್ಸರ್‌ನಲ್ಲಿ ಸಂಖ್ಯೆಯನ್ನಷ್ಟೇ ಇಟ್ಟು, ಸಮಯವನ್ನು ಆ ಸಾಲಿನಿಂದ ಹುಡುಕಿ ತೆಗೆಯುವಂತೆ ಬರೆದಿದ್ದರೆ ಮಾತ್ರ ಆ ಸಾಲು ಅಳಿದಾಗ ಓದು ಅಲ್ಲಿಗೇ ನಿಲ್ಲುತ್ತದೆ.

ಹಾಗೆಂದು ಕರ್ಸರ್ ಪಟ್ಟಿಯ ಫೋಟೋ ತೆಗೆದು ಇಟ್ಟುಕೊಳ್ಳುವುದಿಲ್ಲ. ಮೊದಲ ಪುಟದಲ್ಲಿ ಕೊಟ್ಟಾಗಿದ್ದ 110 ಆಮೇಲೆ ರದ್ದಾದದ್ದು ಓದುಗನಿಗೆ ತಿಳಿಯುವುದಿಲ್ಲ. 113, 114 ಕೂಡ ಅವನು ತಲೆಗೆ ಮರಳುವವರೆಗೆ ಕಾಣುವುದಿಲ್ಲ. ಅದು ಕೊಡುವ ಭರವಸೆ ಇಷ್ಟೇ: ಓದು ಶುರುವಾದಾಗ ಇದ್ದು, ಓದು ಮುಗಿಯುವವರೆಗೂ ಇದ್ದು, ತನ್ನ ಸ್ಥಾನ ಬದಲಿಸದ ಪ್ರತಿಯೊಂದು ಸಾಲೂ ಒಂದೇ ಒಂದು ಸಲ ಬರುತ್ತದೆ.

ಅರ್ಧದಷ್ಟು ಚೀಟಿ ನುಂಗಿದ ಲೂಪ್

ಬಿಲ್ಲಿನ ಪ್ರೋಗ್ರಾಂ ಬರೆದಾಗ ನಾನು ಮಾಡಿದ ತಪ್ಪು ಇದಕ್ಕಿಂತ ಗಟ್ಟಿಯಾದದ್ದು, ಮತ್ತು ಈ ತಪ್ಪನ್ನು ಬೇರೆಯವರ ಕೋಡಿನಲ್ಲೂ ಕಂಡಿದ್ದೇನೆ. ಕಳಿಸದೆ ಉಳಿದ ಚೀಟಿಗಳನ್ನು ನೂರು ನೂರರಂತೆ ಎಳೆದು, ಬಿಲ್ಲಿಗೆ ಸೇರಿಸಿ, ಸೇರಿಸಿದವನ್ನು `sent = true` ಎಂದು ಗುರುತು ಹಾಕುವ ಲೂಪ್ ಅದು. ಪುಟ ಮಾಡಿದ್ದು ಆಫ್‌ಸೆಟ್‌ನಿಂದ:

```sql
SELECT id FROM weigh_slips
WHERE sent = false
ORDER BY id
LIMIT 100 OFFSET :n;
```

ಒಂದು ರಾತ್ರಿ 250 ಚೀಟಿಗಳು ಬಾಕಿ ಇವೆ ಎಂದುಕೊಳ್ಳಿ. ಮೊದಲ ಸುತ್ತಿನಲ್ಲಿ ಆಫ್‌ಸೆಟ್ 0, ಬಂದದ್ದು 1ರಿಂದ 100, ಅವೆಲ್ಲ ಗುರುತಾದವು. ಈಗ ಷರತ್ತಿಗೆ ಹೊಂದುವುದು 101ರಿಂದ 250 ಮಾತ್ರ, ಅಂದರೆ 150 ಸಾಲು. ಎರಡನೆಯ ಸುತ್ತಿನಲ್ಲಿ ಆಫ್‌ಸೆಟ್ 100 ಆದದ್ದರಿಂದ 101ರಿಂದ 200ರವರೆಗಿನವನ್ನು ಬಿಟ್ಟು 201ರಿಂದ 250 ಬಂದವು. ಮೂರನೆಯ ಸುತ್ತಿನಲ್ಲಿ ಏನೂ ಬರಲಿಲ್ಲ, ಲೂಪ್ ಮುಗಿಯಿತು, ಲಾಗ್‌ನಲ್ಲಿ ಯಶಸ್ವಿ ಎಂದು ಬರೆಯಿತು. ಹೊರಗಿನಿಂದ ಯಾರೂ ಪಟ್ಟಿಯನ್ನು ಬದಲಿಸಿರಲಿಲ್ಲ. ಓದುವವನೇ ಓದುತ್ತಾ ಪಟ್ಟಿಯನ್ನು ಕತ್ತರಿಸುತ್ತಿದ್ದ.

ಇದು ತಕ್ಷಣ ಗೊತ್ತಾಗದೆ ಇದ್ದುದಕ್ಕೆ ಕಾರಣವಿತ್ತು. ಬಿಟ್ಟುಹೋದ ನೂರು ಚೀಟಿಗಳು ಮರುದಿನದ ಓಟದಲ್ಲಿ ಪಟ್ಟಿಯ ತಲೆಗೇ ಬರುತ್ತಿದ್ದುದರಿಂದ ಅವು ಒಂದು ದಿನ ತಡವಾಗಿ ಬಿಲ್ಲಿಗೆ ಸೇರಿಕೊಳ್ಳುತ್ತಿದ್ದವು, ಹಾಗಾಗಿ ತಿಂಗಳ ಕೊನೆಯ ಒಟ್ಟು ಲೆಕ್ಕದಲ್ಲಿ ಏನೂ ಕಡಿಮೆ ಬೀಳುತ್ತಿರಲಿಲ್ಲ. ಕಾಟಾದ ಕಿಟಕಿಗೆ ಬಂದ ಒಬ್ಬ ರೈತರು, "ಸರ, ನಿನ್ನಿ ರಾತ್ರಿದ ಚೀಟಿ ಬಿಲ್ಲಿಗಿ ಬಂದೇತ್ರಿ, ಅದಕ್ಕಿಂತ ಮದ್ಲ ಮಧ್ಯಾಹ್ನ ಹಾಕಿದ್ದು ಬಂದಿಲ್ರಿ" ಎಂದರು. ಅವರ ಮಾತಿನಲ್ಲೇ ಸುಳಿವಿತ್ತು: ಆಮೇಲಿನದು ಬಂದು ಮೊದಲಿನದು ಬರದೆ ಉಳಿಯುವುದು ನಿಧಾನಗತಿಯಿಂದ ಆಗುವುದಿಲ್ಲ. ಬಾಕಿ ಉಳಿದ ಸಂಖ್ಯೆಗಳನ್ನು ಬರೆದು ನೋಡಿದಾಗ ಅವು ಸರಿಯಾಗಿ ನೂರರ ಒಂದು ತುಂಡಾಗಿದ್ದವು. ಕಾಣೆಯಾದ ಸಾಲುಗಳ ಗುಂಪು ಪುಟದ ಅಳತೆಗೆ ಕರಾರುವಾಕ್ಕಾಗಿ ಹೊಂದಿದರೆ ತಪ್ಪು ಪುಟ ಮಾಡುವ ಕೋಡಿನಲ್ಲಿಯೇ ಇದೆ ಎಂದು ತಿಳಿಯಬಹುದು.

ಪರಿಹಾರ ಸುಲಭವಾಗಿತ್ತು: `OFFSET` ತೆಗೆದುಹಾಕಿ, ಪ್ರತಿ ಸುತ್ತಿನಲ್ಲೂ `AND id > :last_id` ಎಂದು ಕೇಳುವುದು. ಆಫ್‌ಸೆಟ್ ಅನ್ನು ಯಾವಾಗಲೂ 0 ಇಟ್ಟು ತಲೆಯಿಂದಲೇ ಕೇಳಿದರೂ ನಡೆಯುತ್ತದೆ, ಆದರೆ ಯಾವುದೋ ಒಂದು ಚೀಟಿ ದೋಷದಿಂದ ಗುರುತಾಗದೆ ಉಳಿದರೆ ಅದೇ ಮತ್ತೆ ಮತ್ತೆ ಬಂದು, ಅಂಥವು ನೂರಾದ ದಿನ ಲೂಪ್ ಮುಂದಕ್ಕೇ ಹೋಗುವುದಿಲ್ಲ.

ಕರ್ಸರ್ ಎಲ್ಲಿ ಎಡವುತ್ತದೆ

ಈವರೆಗಿನದನ್ನು ಓದಿ ಎಲ್ಲ ಕಡೆಗೂ ಕರ್ಸರ್ ಹಾಕಿದರಾಯಿತು ಎನಿಸಬಹುದು. ಹಾಗೆ ಹಾಕಿದ ಮೇಲೆ ನಮಗೆ ಮೂರು ಕಡೆ ಪೆಟ್ಟು ಬಿತ್ತು.

ಮೊದಲನೆಯದು ಸಮಯದ ನಿಖರತೆ. ಪೋಸ್ಟ್‌ಗ್ರೆಸ್‌ನಲ್ಲಿ ಸಮಯದ ಕಾಲಂ ಮೈಕ್ರೋಸೆಕೆಂಡಿನವರೆಗೆ, ಅಂದರೆ ದಶಾಂಶದ ನಂತರ ಆರು ಅಂಕಿಗಳವರೆಗೆ ಬರೆದಿಡುತ್ತದೆ. ಜಾವಾಸ್ಕ್ರಿಪ್ಟಿನ `Date` ಮಿಲಿಸೆಕೆಂಡಿನವರೆಗೆ, ಮೂರು ಅಂಕಿಗಳನ್ನಷ್ಟೇ ಹಿಡಿಯುತ್ತದೆ. ಕೊನೆಯ ಚೀಟಿಯ ಸಮಯ `06:42:10.123456` ಇದ್ದು, ಕರ್ಸರ್ ಮಾಡುವಾಗ ಅದು `06:42:10.123` ಆಗಿ ಕತ್ತರಿಸಿಹೋದರೆ, ಇಳಿಕೆಯ ಕ್ರಮದಲ್ಲಿ ಈ ಎರಡರ ನಡುವೆ ಬಿದ್ದ ಸಾಲುಗಳು ಬಿಟ್ಟುಹೋಗುತ್ತವೆ. ಏರಿಕೆಯ ಕ್ರಮದಲ್ಲಾದರೆ ಅದೇ ಕೊನೆಯ ಸಾಲು ಮತ್ತೆ ಬರುತ್ತದೆ, ಪುಟಕ್ಕೆ ಒಂದೇ ಸಾಲು ಎಂದಿದ್ದರೆ ಓದು ಅಲ್ಲಿಯೇ ಸುತ್ತುತ್ತದೆ. ಕಾಟಾದಲ್ಲಿ ಒಂದೊಂದೇ ಗಾಡಿ ಬರುವಾಗ ಇದು ಕಾಣುವುದಿಲ್ಲ. ಹಳೆಯ ಚೀಟಿಗಳನ್ನು ಒಟ್ಟಿಗೆ ಸಾವಿರಗಟ್ಟಲೆ ಡೇಟಾಬೇಸಿಗೆ ತುಂಬಿ, ಎಲ್ಲದರ ಸಮಯವೂ ಹತ್ತಿರ ಹತ್ತಿರ ಬಿದ್ದ ದಿನ ಕಾಣುತ್ತದೆ. ಸಮಯವನ್ನು ಪ್ರೋಗ್ರಾಮಿನ ದಿನಾಂಕದ ಬಗೆಗೆ ಬದಲಿಸದೆ, ಡೇಟಾಬೇಸು ಕೊಟ್ಟ ಪಠ್ಯವಾಗಿಯೇ ಕರ್ಸರ್‌ಗೆ ಸೇರಿಸಿದರೆ ಈ ತೊಂದರೆ ಬರುವುದಿಲ್ಲ. ಇದರ ಅಣ್ಣತಮ್ಮಂದಿರಂತಿರುವ ಇನ್ನೆರಡು ತಪ್ಪುಗಳಿವೆ: ಸಮಯವೊಂದನ್ನೇ ಕರ್ಸರ್ ಮಾಡಿ `id` ಸೇರಿಸದಿದ್ದರೆ ಒಂದೇ ಸಮಯದ ಎರಡು ಸಾಲುಗಳಲ್ಲಿ ಒಂದು ಪುಟದ ಅಂಚಿನಲ್ಲಿ ಕಳೆದುಹೋಗುತ್ತದೆ, ಕ್ರಮಕ್ಕೆ ಬಳಸಿದ ಕಾಲಮಿನಲ್ಲಿ `NULL` ಇದ್ದರೆ ಅದನ್ನು ಯಾವ ಬೆಲೆಗೆ ಹೋಲಿಸಿದರೂ ಉತ್ತರ ನಿಜವಾಗುವುದಿಲ್ಲವಾದ್ದರಿಂದ ಆ ಸಾಲುಗಳು ಮುಂದಿನ ಯಾವ ಪುಟದಲ್ಲೂ ಬರುವುದಿಲ್ಲ.

ಎರಡನೆಯದು, ಓದುವಾಗ ಬೆಲೆ ಬದಲಾಗುವ ಕಾಲಂ. ನಮ್ಮ ಚೀಟಿ ಒಟ್ಟು ತೂಕದ ಹೊತ್ತಿಗೆ ಹುಟ್ಟಿ, ಖಾಲಿ ತೂಕದ ಹೊತ್ತಿಗೆ ತಿದ್ದುಪಡಿಯಾಗುತ್ತದೆ, ನಡುವೆ ಗಂಟೆಗಳು ಕಳೆಯಬಹುದು. ಇತ್ತೀಚೆಗೆ ತಿದ್ದಿದ್ದು ಮೇಲೆ ಬರಲಿ ಎಂದು `updated_at` ಇಳಿಕೆಯಲ್ಲಿ ಪುಟ ಮಾಡಿದೆವು ಎನ್ನಿ. ಓದುಗ ಇನ್ನೂ ತಲುಪದ 60ನೆಯ ಚೀಟಿಗೆ ಖಾಲಿ ತೂಕ ದಾಖಲಾದೊಡನೆ ಅದು ಪಟ್ಟಿಯ ತಲೆಗೆ ಜಿಗಿಯುತ್ತದೆ, ಅಂದರೆ ಓದುಗ ಈಗಾಗಲೇ ದಾಟಿ ಬಂದ ಕಡೆಗೆ. ಈ ಸುತ್ತಿನಲ್ಲಿ ಅವನಿಗೆ ಅದು ಸಿಗುವುದಿಲ್ಲ. ಅದೇ ಕಾಲಮನ್ನು ಏರಿಕೆಯ ಕ್ರಮದಲ್ಲಿ ಓದಿದರೆ ತಿದ್ದಿದ ಚೀಟಿ ಓದುಗನ ಮುಂದಕ್ಕೆ ಜಿಗಿಯುತ್ತದೆ. ಹೆಚ್ಚೆಂದರೆ ಎರಡು ಸಲ ಬರುತ್ತದೆ, ಎರಡನೆಯ ಸಲ ಹೊಸ ತೂಕದೊಂದಿಗೆ. ಆದ್ದರಿಂದ ಯಂತ್ರದಿಂದ ಯಂತ್ರಕ್ಕೆ ದತ್ತಾಂಶ ಹೊಂದಿಸುವ ಓದು ಯಾವಾಗಲೂ ಏರಿಕೆಯ ಕ್ರಮದಲ್ಲಿರಲಿ, ಮನುಷ್ಯ ನೋಡುವ ಪಟ್ಟಿಗೆ ಎಂದೂ ಬದಲಾಗದ `weighed_at` ಇರಲಿ ಎಂದು ನಾವು ನಿಯಮ ಮಾಡಿಕೊಂಡೆವು.

ಮೂರನೆಯದು ಎಲ್ಲಕ್ಕಿಂತ ಹುಡುಕಲು ಕಷ್ಟವಾದದ್ದು: ತಡವಾಗಿ ಬರುವ ಸಾಲು. ಯಾರ್ಡಿನ ಆಚೆ ಬದಿಯ ಕಾಟಾದಲ್ಲಿ ನೆಟ್ ಹೋದಾಗ ಅಲ್ಲಿನ ಕಂಪ್ಯೂಟರ್ ಚೀಟಿಗಳನ್ನು ತನ್ನಲ್ಲೇ ಇಟ್ಟುಕೊಂಡು, ನೆಟ್ ಬಂದ ಮೇಲೆ ತೂಕ ಮಾಡಿದ ಸಮಯದೊಂದಿಗೇ ಕಳಿಸುತ್ತಿತ್ತು. ಅಷ್ಟರಲ್ಲಿ ಬಿಲ್ಲಿನ ಪ್ರೋಗ್ರಾಮಿನ ಕರ್ಸರ್ ಆ ಸಮಯವನ್ನು ದಾಟಿ ಹೋಗಿರುತ್ತಿತ್ತು. ಪರಿಹಾರವಾಗಿ ಸರ್ವರ್ ತಾನೇ ಕೊಡುವ ಏರುಸಂಖ್ಯೆಯನ್ನು ಕರ್ಸರ್ ಮಾಡಿದೆವು. ತೊಂದರೆ ಕಡಿಮೆಯಾಯಿತೇ ಹೊರತು ಹೋಗಲಿಲ್ಲ, ಏಕೆಂದರೆ ಏರುಸಂಖ್ಯೆ ಸಿಗುವುದು ಸಾಲು ಬರೆಯುವಾಗ, ಅದು ಇತರರಿಗೆ ಕಾಣುವುದು ಟ್ರಾನ್ಸಾಕ್ಷನ್ ಕಮಿಟ್ ಆದಾಗ. ಒಂದು ಟ್ರಾನ್ಸಾಕ್ಷನ್ 501 ಪಡೆದು ಇನ್ನೂ ಕೆಲಸ ಮಾಡುತ್ತಿದೆ, ಆಮೇಲೆ ಬಂದದ್ದು 502 ಪಡೆದು ಕೂಡಲೇ ಕಮಿಟ್ ಆಯಿತು ಎನ್ನಿ. ಆ ಕ್ಷಣದಲ್ಲಿ ಓದಿದವನಿಗೆ 502 ಸಿಗುತ್ತದೆ, ಅವನ ಕರ್ಸರ್ 502ಕ್ಕೆ ನಿಲ್ಲುತ್ತದೆ. ಎರಡು ಸೆಕೆಂಡಿನ ನಂತರ ಕಮಿಟ್ ಆದ 501 ಅವನಿಗೆ ಇನ್ನು ಎಂದೂ ಸಿಗುವುದಿಲ್ಲ. ಪೋಸ್ಟ್‌ಗ್ರೆಸ್‌ನ `now()` ಬಳಸಿದರೂ ಇದೇ ಕತೆ, ಅದು ಕೊಡುವುದು ಟ್ರಾನ್ಸಾಕ್ಷನ್ ಶುರುವಾದ ಸಮಯವನ್ನು. ನಾವು ಮಾಡಿದ್ದು ಸರಳವಾದ ಉಪಾಯ: ಪ್ರತಿ ಓಟದಲ್ಲೂ ಕರ್ಸರ್ ಅನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ಕಳೆದ ಕೆಲವು ನಿಮಿಷಗಳ ಸಾಲುಗಳನ್ನು ಮತ್ತೊಮ್ಮೆ ಓದಿ, ಚೀಟಿಯ ಸಂಖ್ಯೆಯಿಂದ ಇಮ್ಮಡಿಯನ್ನು ತೆಗೆಯುವುದು. ಎಷ್ಟು ಹಿಂದಕ್ಕೆ ಎಂಬುದು ನಿಮ್ಮಲ್ಲಿನ ಅತಿ ಉದ್ದದ ಟ್ರಾನ್ಸಾಕ್ಷನ್ ಎಷ್ಟು ಹೊತ್ತು ನಡೆಯುತ್ತದೆ ಎಂಬುದರ ಮೇಲೆ ನಿಂತಿದೆ.

ಖರ್ಚಿನ ಲೆಕ್ಕ

ವೇಗದ ವಿಷಯವನ್ನು ಎಲ್ಲರೂ ಮೊದಲು ಹೇಳುತ್ತಾರಾದ್ದರಿಂದ ನಾನು ಚುಟುಕಾಗಿ ಹೇಳುತ್ತೇನೆ. `OFFSET 40000 LIMIT 20` ಎಂದರೆ ಡೇಟಾಬೇಸು 40,020 ಸಾಲುಗಳನ್ನು ಕ್ರಮವಾಗಿ ನಡೆದು, ಮೊದಲ 40,000ವನ್ನು ಎಸೆಯುತ್ತದೆ. ಆಳಕ್ಕೆ ಹೋದಷ್ಟೂ ಪ್ರತಿ ಪುಟ ಹಿಂದಿನದಕ್ಕಿಂತ ದುಬಾರಿ. `(weighed_at, id)` ಮೇಲೆ ಇಂಡೆಕ್ಸ್ ಇದ್ದರೆ ಕರ್ಸರ್ ಕ್ವೆರಿ ಆ ಜಾಗಕ್ಕೇ ನೇರವಾಗಿ ಇಳಿದು, ಎಷ್ಟನೆಯ ಪುಟವೇ ಆಗಲಿ, ಸುಮಾರು ಅಷ್ಟೇ ಕೆಲಸ ಮಾಡುತ್ತದೆ. ಎಲಾಸ್ಟಿಕ್‌ಸರ್ಚ್‌ನಲ್ಲಿ `from` ಮತ್ತು `size` ಕೂಡಿ 10,000 ದಾಟದಂತೆ ಮೊದಲೇ ಮಿತಿ ಹಾಕಿರುವುದು, ಅದರಾಚೆಗೆ `search_after` ಬಳಸಬೇಕಾಗಿರುವುದು ಈ ಕಾರಣಕ್ಕೇ.

ಒಂದು ಎಚ್ಚರಿಕೆ ಮಾತ್ರ ಇದೆ. ಎರಡು ಕಾಲಮುಗಳನ್ನು ಒಟ್ಟಿಗೆ ಹೋಲಿಸುವ ಬರವಣಿಗೆ ಪೋಸ್ಟ್‌ಗ್ರೆಸ್‌ನಲ್ಲಿ ಇಂಡೆಕ್ಸನ್ನು ಚೆನ್ನಾಗಿ ಬಳಸುತ್ತದೆ, ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಅದು ನಡೆಯುವುದೇ ಇಲ್ಲ. ಅಲ್ಲಿ ಬಿಡಿಸಿ ಬರೆಯಬೇಕು:

```sql
WHERE weighed_at <= @t
  AND (weighed_at < @t OR id < @id)
```

ಬೇರೆ ಡೇಟಾಬೇಸುಗಳಲ್ಲಿ ಯಾವ ರೂಪ ಇಂಡೆಕ್ಸ್ ಹಿಡಿಯುತ್ತದೆ ಎಂಬುದನ್ನು `EXPLAIN` ಹಾಕಿ ನೋಡಿಯೇ ನಿರ್ಧರಿಸಬೇಕು. ಉತ್ತರ ಎರಡರಲ್ಲೂ ಒಂದೇ ಬರುವುದರಿಂದ ಪರೀಕ್ಷೆಯಲ್ಲಿ ವ್ಯತ್ಯಾಸ ಕಾಣುವುದಿಲ್ಲ.

ಆಫ್‌ಸೆಟ್ ಎಲ್ಲಿ ಸಾಕು

ಹಳ್ಳಿಗಳ ಪಟ್ಟಿ, ಕಬ್ಬಿನ ತಳಿಗಳ ಪಟ್ಟಿ, ಬಿಲ್ಲು ಮುಗಿಸಿ ಬೀಗ ಹಾಕಿದ ಹದಿನೈದು ದಿನಗಳ ಚೀಟಿಗಳು, ಇವಕ್ಕೆ ಕರ್ಸರ್ ಕಟ್ಟುವುದು ಸುಮ್ಮನೆ ಕೆಲಸ ಹೆಚ್ಚಿಸಿಕೊಂಡಂತೆ. ಸಾಲುಗಳು ಕೆಲವೇ ಸಾವಿರ, ಓದುವಾಗ ಬದಲಾಗುವುದಿಲ್ಲ, ಕಚೇರಿಯವರಿಗೆ ಹೆಸರಿನಿಂದ, ತೂಕದಿಂದ, ಹಳ್ಳಿಯಿಂದ ಎಂದು ಬೇಕಾದ ಕಾಲಮಿನ ಮೇಲೆ ಕ್ರಮ ಬದಲಿಸಿ ನೋಡಬೇಕು, ಕೊನೆಯ ಪುಟಕ್ಕೆ ಒಮ್ಮೆಲೇ ಹೋಗಬೇಕು. ಆಫ್‌ಸೆಟ್ ಇದನ್ನೆಲ್ಲ ಪುಕ್ಕಟೆ ಕೊಡುತ್ತದೆ. ಕರ್ಸರ್‌ನಲ್ಲಿ ಪ್ರತಿಯೊಂದು ಕ್ರಮಕ್ಕೂ ಬೇರೆ ಷರತ್ತು, ಬೇರೆ ಇಂಡೆಕ್ಸ್ ಬೇಕು. ಆದರೆ ಇಲ್ಲಿಯೂ `ORDER BY` ಕೊನೆಗೆ `id` ಇರಲೇಬೇಕು. ಹಳ್ಳಿಯ ಹೆಸರೊಂದರ ಮೇಲೆಯೇ ಕ್ರಮ ಹಚ್ಚಿದರೆ ಒಂದೇ ಹಳ್ಳಿಯ ಸಾಲುಗಳು ತಮ್ಮತಮ್ಮಲ್ಲಿ ಯಾವ ಕ್ರಮದಲ್ಲಿ ಬರಬೇಕೆಂಬ ನಿಯಮವೇ ಇರದೆ, ಏನೂ ಬದಲಾಗದ ಪಟ್ಟಿಯಲ್ಲೂ ಸಾಲುಗಳು ತಪ್ಪಬಹುದು.

ಪುಟದ ಸಂಖ್ಯೆ ಬೇಕು ಎಂಬ ಬೇಡಿಕೆಯನ್ನು ಮಾತ್ರ ಒಮ್ಮೆ ವಿಚಾರಿಸಿ ನೋಡಬೇಕು. ನಮ್ಮ ಬಿಲ್ಲಿನ ವಿಭಾಗದವರು 57ನೆಯ ಪುಟಕ್ಕೆ ಹೋಗುವ ಸೌಲಭ್ಯ ಬೇಕೇ ಬೇಕು ಎಂದಿದ್ದರು. ಪಕ್ಕದಲ್ಲಿ ಕುಳಿತು ನೋಡಿದಾಗ ತಿಳಿದದ್ದು, ಅವರಿಗೆ ಬೇಕಾದದ್ದು 14ನೆಯ ತಾರೀಖಿನ ಮುಂಜಾನೆಯ ಪಾಳಿ. ಅದು ಸುಮಾರು 57ನೆಯ ಪುಟದ ಹತ್ತಿರ ಇರುತ್ತದೆಂದು ಅಂದಾಜು ಹಾಕಿ ಹಿಂದೆ ಮುಂದೆ ಒತ್ತುತ್ತಿದ್ದರು. ತಾರೀಖು ಹಾಕಿದರೆ ಅಲ್ಲಿಂದಲೇ ಕರ್ಸರ್ ಶುರುವಾಗುವಂತೆ ಮಾಡಿಕೊಟ್ಟ ಮೇಲೆ ಪುಟದ ಸಂಖ್ಯೆಯನ್ನು ಯಾರೂ ಕೇಳಲಿಲ್ಲ.

ಆಫ್‌ಸೆಟ್ ಅನ್ನೇ ಉಳಿಸಿಕೊಳ್ಳಬೇಕಾದ ಅನಿವಾರ್ಯತೆ ಇದ್ದು ಪಟ್ಟಿ ಸರಿಯುತ್ತಿದ್ದರೆ ಪಟ್ಟಿಯನ್ನೇ ನಿಲ್ಲಿಸುವ ದಾರಿಯೊಂದಿದೆ. ಮೊದಲ ಪುಟ ಕೊಡುವಾಗ ಆಗಿನ ಅತಿ ದೊಡ್ಡ `id` ಕೂಡ ಕೊಟ್ಟು, ಮುಂದಿನ ಪುಟಗಳಲ್ಲೆಲ್ಲ `id <= :max_id` ಎಂಬ ಮಿತಿ ಹಾಕಿದರೆ ಹೊಸ ಗಾಡಿಗಳಿಂದ ಪಟ್ಟಿ ಜರುಗುವುದಿಲ್ಲ. ರದ್ದಾದ ಚೀಟಿಗಳಿಗೆ ಇದು ಸಾಲದು. ಅವನ್ನು ಷರತ್ತಿನಿಂದ ಹೊರಹಾಕುವ ಬದಲು ಪಟ್ಟಿಯಲ್ಲೇ ಉಳಿಸಿ, ರದ್ದು ಎಂದು ಗೆರೆ ಎಳೆದು ತೋರಿಸಬೇಕು. ಲೆಕ್ಕಪತ್ರದವರಿಗೆ ನಿಜಕ್ಕೂ ಇದೇ ಬೇಕಾಗಿರುತ್ತದೆ, ಏಕೆಂದರೆ ಚೀಟಿಯ ಸಂಖ್ಯೆಗಳ ನಡುವೆ ಒಂದು ಇಲ್ಲದಿದ್ದರೆ ಅದು ಎಲ್ಲಿ ಹೋಯಿತು ಎಂದು ಕೇಳುವವರು ಅವರೇ.

ಆರಿಸಿದ ಮೇಲೆ

ನನ್ನ ತೀರ್ಮಾನ ಹೀಗಿದೆ. ಓದುವವನು ಯಂತ್ರವಾಗಿದ್ದು ಒಂದು ಸಾಲೂ ಬಿಡಬಾರದೆಂದಿದ್ದರೆ ಏರಿಕೆಯ ಕ್ರಮದ ಕರ್ಸರ್. ಮನುಷ್ಯ ನೋಡುವ, ತಲೆಗೆ ಹೊಸದು ಬೀಳುತ್ತಲೇ ಇರುವ ಪಟ್ಟಿಗೆ ಇಳಿಕೆಯ ಕ್ರಮದ ಕರ್ಸರ್. ಉಳಿದ ಚಿಕ್ಕ, ನಿಂತ ಪಟ್ಟಿಗಳಿಗೆ ಆಫ್‌ಸೆಟ್. ಒಂದೇ ಎಪಿಐಯಲ್ಲಿ ಎರಡೂ ಇದ್ದರೆ ಅವಮಾನವೇನಿಲ್ಲ.

ಕರ್ಸರ್ ಅನ್ನು ಹೊರಗೆ ಕೊಡುವಾಗ ಸಮಯ, `id` ಮತ್ತು ಬಳಸಿದ ಷರತ್ತುಗಳನ್ನು ಕೂಡಿಸಿ ಬೇಸ್64 ಮಾಡಿ ಒಂದೇ ಪಠ್ಯವಾಗಿ ಕೊಡಬೇಕು. ಬೇಸ್64 ಗುಟ್ಟಲ್ಲ, ಯಾರಾದರೂ ಬಿಡಿಸಿ ನೋಡಬಹುದು. ಆದರೆ ಒಳಗಿನದರ ಮೇಲೆ ಅವಲಂಬಿಸಬೇಡಿ ಎಂಬ ಸೂಚನೆ ಅದರಲ್ಲಿರುತ್ತದೆ, ನಾಳೆ ಕ್ರಮದ ಕಾಲಮನ್ನು ಬದಲಿಸುವ ಸ್ವಾತಂತ್ರ್ಯ ನಮಗೆ ಉಳಿಯುತ್ತದೆ. ಒಂದು ಹಳ್ಳಿಯ ಪಟ್ಟಿಗೆ ಕೊಟ್ಟ ಕರ್ಸರ್ ಅನ್ನು ಇನ್ನೊಂದು ಹಳ್ಳಿಯ ಪಟ್ಟಿಗೆ ಹಾಕಿದರೆ 400 ಎಂದು ಸ್ಪಷ್ಟವಾಗಿ ತಿರಸ್ಕರಿಸಬೇಕು. ಮುಗಿಯಿತೋ ಇಲ್ಲವೋ ಎಂಬುದನ್ನು ಪುಟದಲ್ಲಿ ಎಷ್ಟು ಸಾಲು ಬಂದವು ಎಂಬುದರಿಂದ ಊಹಿಸದಂತೆ ಬಳಸುವವರಿಗೆ ತಿಳಿಸಬೇಕು. ಸ್ಲ್ಯಾಕ್‌ನ ಎಪಿಐಯಲ್ಲಿ `next_cursor` ಖಾಲಿಯಾಗಿ ಬಂದರೆ ಮಾತ್ರ ಮುಗಿಯಿತೆಂದು ಅರ್ಥ; ಕೇಳಿದ್ದಕ್ಕಿಂತ ಕಡಿಮೆ ಸಾಲು ಬಂದರೂ ಮುಂದೆ ಇನ್ನೂ ಇರಬಹುದು.

ಪರೀಕ್ಷೆ ಬರೆಯುವಾಗ ಎರಡು ಪುಟಗಳ ನಡುವೆ ಒಂದು ಸಾಲು ಸೇರಿಸಿ ಒಂದು ಸಾಲು ರದ್ದು ಮಾಡುವ ಪರೀಕ್ಷೆಯೊಂದನ್ನೇ ನೆಚ್ಚಿಕೊಳ್ಳಬೇಡಿ. ಮೇಲಿನ ಪಟ್ಟಿಯಲ್ಲಿ 113 ಸೇರಿ 110 ರದ್ದಾದರೆ ತಲೆಯ ಐದು 113, 112, 111, 109, 108 ಆಗಿ, ಆಫ್‌ಸೆಟ್ 5ರಿಂದ 107 ಸರಿಯಾಗಿಯೇ ಬರುತ್ತದೆ. ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿ ಪರೀಕ್ಷೆ ಹಸಿರಾಗುತ್ತದೆ. ಸೇರಿಸುವುದಕ್ಕೆ ಒಂದು, ರದ್ದು ಮಾಡುವುದಕ್ಕೆ ಒಂದು ಎಂದು ಬೇರೆ ಬೇರೆ ಪರೀಕ್ಷೆಗಳಿರಬೇಕು.

ಇನ್ನು ಓದುವ ಪ್ರೋಗ್ರಾಂ ತನ್ನ ಕರ್ಸರ್ ಅನ್ನು ಯಾವಾಗ ಬರೆದಿಟ್ಟುಕೊಳ್ಳಬೇಕು ಎಂಬ ಪ್ರಶ್ನೆ. ಪುಟ ಬಂದ ಕೂಡಲೇ ಹೊಸ ಕರ್ಸರ್ ಉಳಿಸಿ, ಆಮೇಲೆ ಚೀಟಿಗಳನ್ನು ಬಿಲ್ಲಿಗೆ ಸೇರಿಸುವಾಗ ಕರೆಂಟು ಹೋದರೆ ಆ ಪುಟದ ಚೀಟಿಗಳು ಹೋದಂತೆಯೇ. ಮೊದಲು ಚೀಟಿಗಳನ್ನು ಸೇರಿಸಿ, ಆಮೇಲೆ ಕರ್ಸರ್ ಉಳಿಸುವ ಮೊದಲೇ ನಿಂತರೆ ಅದೇ ಪುಟ ಮತ್ತೆ ಬರುತ್ತದೆ, ಚೀಟಿಯ ಸಂಖ್ಯೆ ಒಂದೇ ಇರುವುದರಿಂದ ಅದು ಇಮ್ಮಡಿಯಾಗುವುದಿಲ್ಲ. ಎರಡೂ ಒಂದೇ ಡೇಟಾಬೇಸಿನಲ್ಲಿದ್ದರೆ ಒಂದೇ ಟ್ರಾನ್ಸಾಕ್ಷನ್ನಿನಲ್ಲಿ ಬರೆಯುವುದು ಉತ್ತಮ; ನಮ್ಮ ಬಿಲ್ಲಿನ ಲೂಪ್ ಈಗ ಹಾಗೆಯೇ ಬರೆಯುತ್ತದೆ, ರಾತ್ರಿ ಕರೆಂಟು ಹೋಗಿ ಬಂದರೆ ನಿಂತ ಪುಟದಿಂದಲೇ ಮುಂದುವರಿಯುತ್ತದೆ.